ನಿಮ್ಮ ವೋಟು ಲೆಕ್ಕಕ್ಕೆ ಸೇರಿತಾ? ಮನೆಯಲ್ಲೇ ಕೂತು ನೋಡಬಹುದು, ಆದರೆ ಯಾರಿಗೆ ಹಾಕಿದ್ದು ಅಂತ ಯಾರಿಗೂ ತೋರಿಸೋಕಾಗಲ್ಲ: ಅಮೆರಿಕದ ಒಂದು ಸಣ್ಣ ಊರು ಮಾಡಿದ ಪ್ರಯೋಗ

ಪ್ರತಿ ಎಲೆಕ್ಷನ್ ಮುಗಿದ ಮೇಲೂ ಟೀ ಅಂಗಡಿಯಲ್ಲಿ, ಸಲೂನಿನಲ್ಲಿ, ಸಂತೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. ವೋಟಿಂಗ್ ಮಷೀನ್ ಪಕ್ಕದಲ್ಲಿ ಇಟ್ಟಿರೋ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ನಾವು ಒತ್ತಿದ ಚಿಹ್ನೆಯ ಚೀಟಿ ಏಳು ಸೆಕೆಂಡ್ ಕಾಣಿಸಿ, ಆಮೇಲೆ ಕೆಳಗೆ ಬೀಳುತ್ತಲ್ಲ, ಆ ಚೀಟಿಯನ್ನ ನಮ್ಮ ಕೈಗೇ ಕೊಟ್ಟರೆ ಏನು ಗಂಟು ಹೋಗುತ್ತೆ? ಕಿರಾಣಿ ಅಂಗಡಿಯಲ್ಲಿ ಐವತ್ತು ರೂಪಾಯಿ ಸಾಮಾನು ತಗೊಂಡ್ರೂ ಬಿಲ್ ಸಿಗುತ್ತೆ, ವೋಟಿಗೆ ಮಾತ್ರ ಯಾಕಿಲ್ಲ?

ಪ್ರಶ್ನೆ ಸರಿಯಾಗೇ ಇದೆ, ಉತ್ತರ ಸ್ವಲ್ಪ ಕಹಿ. ಬಿಲ್ ಕೊಟ್ಟರೆ ಆ ಬಿಲ್ ತೋರಿಸಿ ದುಡ್ಡು ಇಸ್ಕೊಳ್ಳಬಹುದು. ಇವತ್ತು ವೋಟಿಗೆ ದುಡ್ಡು ಹಂಚುವವನಿಗೆ ಇರೋ ದೊಡ್ಡ ತಲೆನೋವು ಏನಂದ್ರೆ, ದುಡ್ಡು ಇಸ್ಕೊಂಡವನು ಬೂತಿನ ಒಳಗೆ ಹೋಗಿ ಯಾವ ಬಟನ್ ಒತ್ತಿದ ಅಂತ ಗೊತ್ತಾಗೋದಿಲ್ಲ. ಚಿಹ್ನೆ ಇರೋ ಚೀಟಿ ಕೈಗೆ ಸಿಕ್ಕರೆ ಆ ತಲೆನೋವು ತೀರಿತು. ‘ಚೀಟಿ ತಂದು ಕೊಡು, ದುಡ್ಡು ತಗೊಂಡು ಹೋಗು’ ಅಂತಾನೆ. ದುಡ್ಡಷ್ಟೇ ಅಲ್ಲ, ತೋಟದ ಮಾಲೀಕ ಕೂಲಿಯವರನ್ನ, ಸಾಲ ಕೊಟ್ಟವನು ಸಾಲಗಾರನನ್ನ, ಮನೆಯ ಯಜಮಾನ ಸೊಸೆಯನ್ನ ‘ಚೀಟಿ ತೋರಿಸು’ ಅಂತ ಕೇಳಬಹುದು. ಅದಕ್ಕೇ ಚೀಟಿ ಪೆಟ್ಟಿಗೆಗೆ ಬೀಳುತ್ತೆ, ಕೈಗೆ ಬರೋದಿಲ್ಲ.

ಹಾಗಾದ್ರೆ ಇನ್ನೊಂದು ಕಡೆಯ ತೊಂದರೆ ಹಾಗೇ ಉಳೀತು. ಗಾಜಿನ ಹಿಂದೆ ಚೀಟಿ ನೋಡಿದ್ದೀವಿ, ಸರಿ. ಆಮೇಲೆ ಅದು ಲೆಕ್ಕಕ್ಕೆ ಸೇರಿತಾ? ಅದನ್ನ ನಾವು ನಂಬಬೇಕು ಅಷ್ಟೇ. ಮಷೀನನ್ನ ನಂಬಬೇಕು, ಅಧಿಕಾರಿಗಳನ್ನ ನಂಬಬೇಕು, ಎಣಿಕೆ ಹಾಲ್‌ನಲ್ಲಿ ಕೂತ ಏಜೆಂಟ್‌ರನ್ನ ನಂಬಬೇಕು.

ಈ ಎರಡನ್ನೂ ಒಟ್ಟಿಗೆ ಸಾಧಿಸೋಕೆ ಆಗುತ್ತಾ? ನನ್ನ ವೋಟು ಲೆಕ್ಕಕ್ಕೆ ಸೇರಿದ್ದು ನನಗೆ ಖಾತ್ರಿ ಆಗಬೇಕು, ಆದರೆ ಯಾರಿಗೆ ಹಾಕಿದೆ ಅನ್ನೋದನ್ನ ನಾನೇ ಮನಸ್ಸು ಮಾಡಿದರೂ ಇನ್ನೊಬ್ಬರಿಗೆ ಸಾಬೀತು ಮಾಡೋಕೆ ಆಗಬಾರದು. ಕೇಳಿದರೆ ಆಗದ ಮಾತು ಅನಿಸುತ್ತೆ. ಆದರೆ 2009ರಲ್ಲಿ ಅಮೆರಿಕದ ಒಂದು ಸಣ್ಣ ಊರಿನ ಮುನ್ಸಿಪಾಲಿಟಿ ಚುನಾವಣೆಯಲ್ಲಿ ಇದನ್ನ ಮಾಡಿ ತೋರಿಸಿದರು. ಈ ತರದ ಪದ್ಧತಿಗೆ ಎಂಡ್-ಟು-ಎಂಡ್ ವೆರಿಫೈಯಬಲ್ ವೋಟಿಂಗ್ ಅಂತಾರೆ. ಅಂದ್ರೆ ಗುರುತು ಹಾಕಿದಲ್ಲಿಂದ ಫಲಿತಾಂಶದವರೆಗೆ ಪ್ರತಿ ಹಂತವನ್ನೂ ಹೊರಗಿನವರು ಪರೀಕ್ಷೆ ಮಾಡಬಹುದಾದ ಮತದಾನ.

ಟಕೋಮಾ ಪಾರ್ಕ್, ನವೆಂಬರ್ 3, 2009

ಊರಿನ ಹೆಸರು ಟಕೋಮಾ ಪಾರ್ಕ್. ಮೇರಿಲ್ಯಾಂಡ್ ರಾಜ್ಯದಲ್ಲಿ, ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡೇ ಇದೆ. ಆರು ವಾರ್ಡು, ವಾರ್ಡಿಗೆ ಒಬ್ಬ ಸದಸ್ಯ, ಮೇಲೆ ಒಬ್ಬ ಮೇಯರ್. ನಮ್ಮ ಕಡೆಯ ಒಂದು ಪಟ್ಟಣ ಪಂಚಾಯಿತಿಯಷ್ಟು ದೊಡ್ಡದು ಅಂದುಕೊಳ್ಳಿ. ಆವತ್ತು ವೋಟು ಹಾಕಿದವರು 1,728 ಜನ.

ಪದ್ಧತಿಯ ಹೆಸರು ಸ್ಕ್ಯಾಂಟೆಗ್ರಿಟಿ. ಇದನ್ನ ತಯಾರು ಮಾಡಿದ ತಂಡದಲ್ಲಿ ಗುಪ್ತಲಿಪಿ ಶಾಸ್ತ್ರದಲ್ಲಿ ಹೆಸರು ಮಾಡಿದ ಡೇವಿಡ್ ಚೌಮ್, ಎಂಐಟಿಯ ರಾನ್ ರಿವೆಸ್ಟ್, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೂರ್ವಿ ವೋರಾ, ಇನ್ನೂ ಹಲವರು ಇದ್ದರು. ರಿವೆಸ್ಟ್ ಅಂದ್ರೆ ಇಂಟರ್ನೆಟ್ಟಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರೋ ಆರ್‌ಎಸ್‌ಎ ಅನ್ನೋ ಬೀಗವನ್ನ ಕಂಡುಹಿಡಿದ ಮೂವರಲ್ಲಿ ಒಬ್ಬರು. ಸರ್ಕಾರಿ ಸ್ಥಾನಕ್ಕೆ ನಿಜವಾಗಿ ಜನರನ್ನ ಆರಿಸೋ ಚುನಾವಣೆಯಲ್ಲಿ, ಗುಟ್ಟು ಉಳಿಸಿಕೊಂಡೇ ಈ ತರದ ಪರೀಕ್ಷೆಗೆ ಅವಕಾಶ ಕೊಟ್ಟಿದ್ದು ಇದೇ ಮೊದಲು ಅಂತ ತಂಡದವರು ಬರೆದುಕೊಂಡಿದ್ದಾರೆ.

ವೋಟು ಹಾಕುವವರಿಗೆ ಕಂಡಿದ್ದು ಇಷ್ಟು. ಕೈಗೆ ಒಂದು ಸಾಮಾನ್ಯ ಕಾಗದದ ಬ್ಯಾಲೆಟ್ ಕೊಡ್ತಾರೆ. ಅದರ ಮೇಲೆ ಒಂದು ಸಂಖ್ಯೆ ಇರುತ್ತೆ. ಅಭ್ಯರ್ಥಿಗಳ ಹೆಸರು, ಪಕ್ಕದಲ್ಲಿ ಪರೀಕ್ಷೆಯ ಓಎಂಆರ್ ಶೀಟಿನಲ್ಲಿ ಇರುತ್ತಲ್ಲ, ಆ ತರದ ಮೊಟ್ಟೆಯಾಕಾರದ ಗುಂಡಿ. ಅದನ್ನ ತುಂಬಬೇಕು. ಆದರೆ ಪೆನ್ನು ವಿಶೇಷದ್ದು. ಗುಂಡಿಯ ಒಳಗೆ ಕಣ್ಣಿಗೆ ಕಾಣದ ಶಾಯಿಯಲ್ಲಿ ಮೂರು ಅಂಕಿಯ ಒಂದು ಕೋಡ್ ಮೊದಲೇ ಪ್ರಿಂಟ್ ಆಗಿರುತ್ತೆ. ಆ ಪೆನ್ನು ತಾಗಿಸಿದ ಕೂಡಲೇ ಗುಂಡಿ ಕಪ್ಪಾಗಿ ಕೋಡ್ ಎದ್ದು ಕಾಣುತ್ತೆ. ತುಂಬದ ಗುಂಡಿಗಳ ಕೋಡ್ ಕಾಣೋದಿಲ್ಲ.

ಮುಂದೆ ಪರೀಕ್ಷೆ ಮಾಡಬೇಕು ಅನ್ನೋರು ಒಂದು ಸಣ್ಣ ಕಾರ್ಡಿನ ಮೇಲೆ ಬ್ಯಾಲೆಟ್‌ನ ಸಂಖ್ಯೆ ಮತ್ತು ಕಂಡ ಕೋಡ್ ಬರೆದುಕೊಂಡು ಜೇಬಿಗೆ ಹಾಕಿಕೊಳ್ಳಬಹುದು. ಬೇಡ ಅನ್ನೋರು ಬರೆಯಬೇಕಿಲ್ಲ. ಆಮೇಲೆ ಬ್ಯಾಲೆಟ್ಟನ್ನ ಸ್ಕ್ಯಾನರ್‌ಗೆ ಹಾಕಿ ಮನೆಗೆ ಹೋಗೋದು. ಕಾಗದದ ಬ್ಯಾಲೆಟ್ ಪೆಟ್ಟಿಗೆಯಲ್ಲೇ ಉಳಿಯುತ್ತೆ, ಬೇಕಾದರೆ ಕೈಯಲ್ಲೂ ಎಣಿಸಬಹುದು.

ಆ ಊರಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಕ್ರಮದಲ್ಲಿ ಗುರುತು ಮಾಡೋ ಪದ್ಧತಿ ಇದೆ, ನಮ್ಮ ವಿಧಾನ ಪರಿಷತ್ ಚುನಾವಣೆಯ ತರ. ಹಾಗಾಗಿ ಪ್ರತಿ ಆಯ್ಕೆಯ ಗುಂಡಿಗೂ ಬೇರೆ ಬೇರೆ ಕೋಡ್ ಇತ್ತು. ನಾವು ಸುಲಭಕ್ಕೆ ಒಬ್ಬರಿಗೆ ಒಂದೇ ವೋಟು ಅಂತ ಇಟ್ಟುಕೊಂಡು ನೋಡೋಣ.

ಕೋಡ್ ಇದ್ದರೂ ಗುಟ್ಟು ಹೇಗೆ ಉಳಿಯುತ್ತೆ?

ಮೂವರು ಅಭ್ಯರ್ಥಿಗಳು ಅಂದುಕೊಳ್ಳಿ: ಅ, ಆ, ಇ. ಎರಡು ಬ್ಯಾಲೆಟ್‌ಗಳನ್ನ ಪಕ್ಕ ಪಕ್ಕ ಇಟ್ಟು ನೋಡೋಣ. ಸಂಖ್ಯೆಗಳು ನಾನು ಉದಾಹರಣೆಗೆ ಹಾಕಿದ್ದು.

101ನೇ ಬ್ಯಾಲೆಟ್‌ನಲ್ಲಿ ಅ ಗುಂಡಿಯೊಳಗೆ 473, ಆ ಒಳಗೆ 926, ಇ ಒಳಗೆ 158 ಇದೆ. 102ನೇ ಬ್ಯಾಲೆಟ್‌ನಲ್ಲಿ ಅ ಒಳಗೆ 158, ಆ ಒಳಗೆ 640, ಇ ಒಳಗೆ 473 ಇದೆ. ಪ್ರತಿ ಬ್ಯಾಲೆಟ್‌ಗೂ ಕೋಡ್‌ಗಳನ್ನ ಲಾಟರಿ ಎತ್ತಿದ ಹಾಗೆ ಹಂಚಿರ್ತಾರೆ. 473 ಅಂದ್ರೆ ಇಲ್ಲಿ ಅ, ಅಲ್ಲಿ ಇ. ಇನ್ನೊಂದು ಬ್ಯಾಲೆಟ್‌ನಲ್ಲಿ ಅದು ಇಲ್ಲದೇನೂ ಇರಬಹುದು.

101ನೇ ಬ್ಯಾಲೆಟ್ ಸಿಕ್ಕ ಹೆಂಗಸು ಅ ಅಭ್ಯರ್ಥಿಗೆ ಗುರುತು ಹಾಕಿದರು. 473 ಕಾಣಿಸಿತು. ಕಾರ್ಡಿನ ಮೇಲೆ ‘101, 473’ ಅಂತ ಬರೆದುಕೊಂಡರು. ಚುನಾವಣೆ ಮುಗಿದ ಮೇಲೆ ಊರಿನ ವೆಬ್‌ಸೈಟಿಗೆ ಹೋಗಿ 101 ಅಂತ ಟೈಪ್ ಮಾಡ್ತಾರೆ. ‘ಈ ಬ್ಯಾಲೆಟ್‌ನಲ್ಲಿ ದಾಖಲಾದ ಕೋಡ್ 473’ ಅಂತ ಬಂದರೆ ಅವರ ಗುರುತು ಸರಿಯಾಗೇ ದಾಖಲಾಗಿದೆ.

ಈಗ ದುಡ್ಡು ಕೊಟ್ಟವನು ಬಂದು ಕಾರ್ಡ್ ತೋರಿಸು ಅಂತಾನೆ. ತೋರಿಸ್ತಾರೆ. ಅದರಲ್ಲಿ 473 ಅಂತ ಇದೆ. ವೆಬ್‌ಸೈಟಿನಲ್ಲೂ 473 ಇದೆ. ಆದರೆ 473 ಯಾರ ಗುಂಡಿಯೊಳಗೆ ಇತ್ತು? ಅದು ಕಂಡಿದ್ದು ಅವರೊಬ್ಬರಿಗೇ, ಬೂತಿನ ಮರೆಯಲ್ಲಿ. ‘ನೀವು ಹೇಳಿದವರಿಗೇ ಹಾಕಿದೆ ಅಣ್ಣಾ, ಅದೇ ಕೋಡ್ ಬಂತು’ ಅಂದರೆ ಮುಗೀತು. ಅವನಿಗೆ ತಾಳೆ ಹಾಕೋಕೆ ಬೇರೆ ಏನೂ ಇಲ್ಲ. ಅವರು ನಿಜ ಹೇಳಬೇಕು ಅಂತ ಬಯಸಿದರೂ ಅದನ್ನ ಸಾಬೀತು ಮಾಡೋಕೆ ಆಗೋದಿಲ್ಲ. ವೋಟು ಕೊಳ್ಳುವವನಿಗೆ ಇದು ಪ್ರಯೋಜನಕ್ಕೆ ಬಾರದ ಬಿಲ್.

ಇನ್ನೊಂದು ಜಾಣತನ ಸ್ಕ್ಯಾನರ್‌ನಲ್ಲಿದೆ. ಅದಕ್ಕೆ ಕೋಡ್ ಗೊತ್ತಿರೋದಿಲ್ಲ. ಯಾವ ಜಾಗದ ಗುಂಡಿ ಕಪ್ಪಾಗಿದೆ ಅಂತ ಮಾತ್ರ ಅದು ಓದುತ್ತೆ. ಆ ಜಾಗಕ್ಕೆ ಯಾವ ಕೋಡ್ ಅನ್ನೋದು ಚುನಾವಣಾ ಮಂಡಳಿಯ ಬೇರೆ ಕಂಪ್ಯೂಟರ್‌ನಲ್ಲಿ, ಮಂಡಳಿಯವರ ಪಾಸ್‌ವರ್ಡ್‌ಗಳ ಹಿಂದೆ ಇರುತ್ತೆ. ಸ್ಕ್ಯಾನರ್ ಕೆಟ್ಟು ಅಥವಾ ಯಾರೋ ಕೆಡಿಸಿ, ಅ ಗುಂಡಿಯನ್ನ ಇ ಗುಂಡಿ ಅಂತ ಓದಿತು ಅಂದುಕೊಳ್ಳಿ. ಆಗ ವೆಬ್‌ಸೈಟಿನಲ್ಲಿ 473ರ ಬದಲು 158 ಬರುತ್ತೆ. ಕಾರ್ಡ್ ಹಿಡಿದು ಕೂತವರಿಗೆ ತಕ್ಷಣ ಗೊತ್ತಾಗುತ್ತೆ.

ಸುಳ್ಳು ದೂರು ಕೊಟ್ಟರೆ?

ಇಲ್ಲಿ ನಮ್ಮೂರಿನ ರಾಜಕೀಯ ಬಲ್ಲವರು ಒಂದು ಅನುಮಾನ ಎತ್ತುತ್ತಾರೆ. ಸೋತ ಅಭ್ಯರ್ಥಿಯ ಕಡೆಯವರು ಹತ್ತು ಜನ ಬಂದು, ‘ನನ್ನ ಕಾರ್ಡಿನಲ್ಲಿ ಇರೋದೇ ಬೇರೆ, ವೆಬ್‌ಸೈಟಿನಲ್ಲಿ ಬಂದಿದ್ದೇ ಬೇರೆ’ ಅಂತ ಗಲಾಟೆ ಮಾಡಿದರೆ? ಕಾರ್ಡ್ ಕೈಬರಹದ್ದು, ಯಾರು ಏನು ಬೇಕಾದರೂ ಬರೆಯಬಹುದು.

ಅದಕ್ಕೇ ಕಾಣದ ಶಾಯಿ. 101ನೇ ಬ್ಯಾಲೆಟ್‌ನಲ್ಲಿ ಇರೋದು ಮೂರೇ ಕೋಡ್: 473, 926, 158. ಅ ಗುಂಡಿ ತುಂಬಿದವರಿಗೆ ಕಂಡಿದ್ದು 473 ಒಂದೇ. ಉಳಿದ ಎರಡು ಅವರಿಗೂ ಗೊತ್ತಿಲ್ಲ. ಸುಳ್ಳು ದೂರು ಕೊಡಬೇಕಾದರೆ ಇನ್ನೊಂದು ಸಂಖ್ಯೆಯನ್ನ ಊಹೆ ಮಾಡಿ ಬರೆಯಬೇಕು. ಮೂರು ಅಂಕಿಯಲ್ಲಿ ಸಾವಿರ ಸಂಖ್ಯೆಗಳಿವೆ. ಊಹೆ ಮಾಡಿದ್ದು ಉಳಿದ ಎರಡರಲ್ಲಿ ಒಂದಾಗೋ ಸಾಧ್ಯತೆ ಸಾವಿರಕ್ಕೆ ಎರಡು. ಅವರು 555 ಅಂತ ಬರೆದರೆ, ಆ ಬ್ಯಾಲೆಟ್‌ನಲ್ಲಿ 555 ಇರಲೇ ಇಲ್ಲ ಅಂತ ಮಂಡಳಿ ತನ್ನ ಮುಚ್ಚಿಟ್ಟ ಪಟ್ಟಿ ಬಿಚ್ಚಿ ತೋರಿಸುತ್ತೆ.

ಉಲ್ಟಾ ನೋಡಿ. ದೂರು ಕೊಟ್ಟವರ ಕಾರ್ಡಿನ ಕೋಡ್ ಆ ಬ್ಯಾಲೆಟ್‌ನಲ್ಲಿ ನಿಜವಾಗಿ ಇದ್ದದ್ದೇ ಆಗಿದ್ದು, ವೆಬ್‌ಸೈಟಿನಲ್ಲಿ ಮಾತ್ರ ಬೇರೆ ಬಂದಿದ್ದರೆ, ಅದನ್ನ ಊಹೆ ಅಂತ ತಳ್ಳಿಹಾಕೋಕೆ ಆಗೋದಿಲ್ಲ. ಅಂತಹ ದೂರು ಎರಡು ಮೂರು ಬಂದರೂ ಎಲ್ಲೋ ತಪ್ಪಾಗಿದೆ ಅಂತ ಖಾತ್ರಿ. ಹಾಗಾಗಿ ದೂರುಗಳನ್ನ ಗಲಾಟೆಯ ಜೋರು ನೋಡಿ ಅಳೆಯಬೇಕಿಲ್ಲ. ಕೋಡ್ ನೋಡಿ ಅಳೆಯಬಹುದು.

ಪ್ರಿಂಟಿಂಗ್‌ನಲ್ಲೇ ಮೋಸ ಮಾಡಿದರೆ?

ಅಧಿಕಾರಿಗಳೇ ಕಳ್ಳರಾದರೆ ಏನು ಅಂತ ಕೇಳಬೇಕಾದ್ದೇ. ಬ್ಯಾಲೆಟ್‌ನಲ್ಲಿ ಅ ಗುಂಡಿಯೊಳಗೆ 473 ಪ್ರಿಂಟ್ ಮಾಡಿ, ಕಂಪ್ಯೂಟರ್‌ನ ಪಟ್ಟಿಯಲ್ಲಿ 473 ಅಂದ್ರೆ ಇ ಅಂತ ಬರೆದಿಟ್ಟರೆ? ಹೆಂಗಸಿಗೆ ವೆಬ್‌ಸೈಟಿನಲ್ಲಿ 473 ಸರಿಯಾಗೇ ಕಾಣುತ್ತೆ, ವೋಟು ಮಾತ್ರ ಇ ಖಾತೆಗೆ ಹೋಗುತ್ತೆ.

ಇದನ್ನ ಹಿಡಿಯೋಕೆ ಎರಡು ಕೆಲಸ ಮಾಡ್ತಾರೆ. ಮೊದಲನೇದು, ಚುನಾವಣೆಗೆ ಮುಂಚೆಯೇ ಮಂಡಳಿ ತನ್ನ ಪಟ್ಟಿಯನ್ನೆಲ್ಲ ಬೀಗ ಹಾಕಿ ಬಹಿರಂಗವಾಗಿ ಇಡಬೇಕು. ಬೀಗ ಅಂದ್ರೆ ಇಲ್ಲಿ ಗಣಿತದ ಬೀಗ. ಪಟ್ಟಿಯ ಪ್ರತಿ ಸಾಲಿನಿಂದ ಒಂದು ಉದ್ದನೆಯ ಅಂಕಿ-ಅಕ್ಷರಗಳ ಸಾಲನ್ನ ಲೆಕ್ಕ ಹಾಕಿ ತೆಗೀತಾರೆ, ಹೆಬ್ಬೆಟ್ಟಿನ ಗುರುತಿನ ತರ. ಅದನ್ನ ನೋಡಿ ಒಳಗೆ ಏನಿದೆ ಅಂತ ಹೇಳೋಕಾಗಲ್ಲ. ಆದರೆ ಆಮೇಲೆ ಒಳಗಿನ ಒಂದೇ ಒಂದು ಅಂಕಿ ಬದಲಾಯಿಸಿದರೂ ಹೆಬ್ಬೆಟ್ಟು ತಾಳೆಯಾಗೋದಿಲ್ಲ. ಅರಗಿನ ಮುದ್ರೆ ಹಾಕಿದ ಲಕೋಟೆಯನ್ನ ಎಲ್ಲರ ಕೈಗೂ ಮೊದಲೇ ಕೊಟ್ಟ ಹಾಗೆ.

ಎರಡನೇದು, ಬೇಕಾದ್ದಕ್ಕಿಂತ ಹೆಚ್ಚು ಬ್ಯಾಲೆಟ್‌ಗಳ ಲೆಕ್ಕ ತಯಾರಿಸಿ, ಚೀಟಿ ಎತ್ತಿದ ಹಾಗೆ ಒಂದು ಭಾಗವನ್ನ ಆರಿಸಿ ಲಕೋಟೆ ಪೂರ್ತಿ ಬಿಚ್ಚಿ ತೋರಿಸ್ತಾರೆ. ಮತದಾನದ ದಿನವೂ ಪ್ರಿಂಟ್ ಆದ ಬ್ಯಾಲೆಟ್‌ಗಳ ರಾಶಿಯಿಂದ ಕೆಲವನ್ನ ಎತ್ತಿ, ಎಲ್ಲ ಗುಂಡಿಗಳನ್ನೂ ಪೆನ್ನಿನಿಂದ ತುಂಬಿ, ಕಂಡ ಕೋಡ್‌ಗಳು ಲಕೋಟೆಯೊಳಗಿನ ಪಟ್ಟಿಗೆ ಸರಿಹೊಂದುತ್ತವಾ ಅಂತ ನೋಡ್ತಾರೆ. ಹಾಗೆ ಬಿಚ್ಚಿದ ಬ್ಯಾಲೆಟ್ ಮತ್ತೆ ವೋಟಿಗೆ ಬರೋದಿಲ್ಲ, ರದ್ದು. ಟಕೋಮಾ ಪಾರ್ಕ್‌ನಲ್ಲಿ ಈ ಕೆಲಸಕ್ಕೆ ಹೊರಗಿನ ಪರಿಶೀಲಕರು ಇದ್ದರು. ಲಿಲಿ ಕೋನಿ ಅನ್ನೋರು ಬ್ಯಾಲೆಟ್ ಎತ್ತಿ ಪರೀಕ್ಷೆ ಮಾಡಿದರು. ಬೆನ್ ಅದೀದಾ ಅನ್ನೋ ಕಂಪ್ಯೂಟರ್ ತಜ್ಞರು ಲೆಕ್ಕವನ್ನ ಪರೀಕ್ಷಿಸೋಕೆ ತಮ್ಮದೇ ಪ್ರೋಗ್ರಾಂ ಬರೆದರು.

ಇದರ ತರ್ಕ ಅಕ್ಕಿ ಮೂಟೆಗೆ ಬಂಬು ಚುಚ್ಚಿ ನೋಡಿದ ಹಾಗೆ. ಯಾವ ಮೂಟೆಗೆ ಚುಚ್ಚುತ್ತಾರೆ ಅಂತ ಮಾರುವವನಿಗೆ ಮೊದಲೇ ಗೊತ್ತಿದ್ದರೆ ಆ ಮೂಟೆ ಮಾತ್ರ ಚೆನ್ನಾಗಿ ತುಂಬಿರ್ತಾನೆ. ಹಾಗಾಗಿ ಯಾವುದನ್ನ ಬಿಚ್ಚಬೇಕು ಅನ್ನೋದು ಯಾರ ಕೈಯಲ್ಲೂ ಇರಬಾರದು. ಲಕೋಟೆಗಳಲ್ಲಿ ಯಾವುದನ್ನ ತೆರೆಯಬೇಕು ಅಂತ ತೀರ್ಮಾನಿಸೋಕೆ ಅಲ್ಲಿ ಷೇರು ಪೇಟೆಯ ಮೊರೆ ಹೋದರು. ಮೊದಲೇ ಹೇಳಿದ ದಿನದಂದು, ಮೊದಲೇ ಹೇಳಿದ ಕಂಪನಿಗಳ ಷೇರು ಯಾವ ಬೆಲೆಗೆ ನಿಲ್ಲುತ್ತೋ ಆ ಅಂಕಿಗಳಿಂದ ಲೆಕ್ಕ ಹಾಕಿ ಆರಿಸೋದು. ಅದನ್ನ ಒಂದು ಊರಿನ ಅಧಿಕಾರಿಯೂ ಮೊದಲೇ ಹೇಳೋಕಾಗಲ್ಲ, ಬದಲಾಯಿಸೋಕೂ ಆಗಲ್ಲ. ಆದರೆ ಮಾರನೇ ದಿನ ಪೇಪರ್ ನೋಡಿ ಯಾರು ಬೇಕಾದರೂ ತಾಳೆ ನೋಡಬಹುದು.

ಕೋಡ್ ಸರಿ, ಮೊತ್ತ ಸರಿಯಾ?

ಇದು ಸ್ವಲ್ಪ ಕಷ್ಟದ ಭಾಗ, ಆದರೆ ಇಡೀ ಪದ್ಧತಿಯ ಜೀವ ಇಲ್ಲೇ ಇದೆ. ವೆಬ್‌ಸೈಟಿನಲ್ಲಿ ಕೋಡ್‌ಗಳೆಲ್ಲ ಸರಿಯಾಗಿವೆ. ಆದರೆ ಕೋಡ್‌ಗಳಿಂದ ಅ ಅಭ್ಯರ್ಥಿಗೆ ಇಷ್ಟು, ಆ ಅಭ್ಯರ್ಥಿಗೆ ಇಷ್ಟು ಅಂತ ಮೊತ್ತ ಕೂಡುವಾಗ ಮೋಸ ಆದರೆ? ಯಾವ ಕೋಡ್ ಯಾರದ್ದು ಅಂತ ಪೂರ್ತಿ ಬಿಚ್ಚಿದರೆ ಗುಟ್ಟು ರಟ್ಟಾಗುತ್ತೆ. ಬಿಚ್ಚದಿದ್ದರೆ ನಂಬಿಕೆ ಇಲ್ಲ.

ಅಂಗಡಿಯ ಲೆಕ್ಕದ ಪುಸ್ತಕ ನೆನೆಸಿಕೊಳ್ಳಿ. ಇಲ್ಲಿ ಮೂರು ಪುಸ್ತಕ. ಮೊದಲನೇದರಲ್ಲಿ ಪ್ರತಿ ಬ್ಯಾಲೆಟ್‌ನ ಕೋಡ್‌ಗಳು ಇರುತ್ತವೆ, ಆದರೆ ಅಭ್ಯರ್ಥಿಗಳ ಕ್ರಮದಲ್ಲಿ ಅಲ್ಲ, ಹಿಂದೆ ಮುಂದೆ ಮಾಡಿ ಬರೆದಿರ್ತಾರೆ. ಕೊನೆಯ ಪುಸ್ತಕದಲ್ಲಿ ಅ, ಆ, ಇ ಅಂತ ಮೂರು ಕಾಲಂ, ಅಲ್ಲಿ ಟಿಕ್ ಮಾತ್ರ. ಅದರ ಸಾಲುಗಳೂ ಬ್ಯಾಲೆಟ್ ಕ್ರಮದಲ್ಲಿ ಇಲ್ಲ. ಇವೆರಡರ ನಡುವೆ ಒಂದು ಪುಸ್ತಕ. ಅದರ ಪ್ರತಿ ಸಾಲಿಗೂ ಎಡಕ್ಕೊಂದು, ಬಲಕ್ಕೊಂದು ಲಕೋಟೆ. ಎಡಗಡೆಯ ಲಕೋಟೆಯಲ್ಲಿ ‘ಇದು ಮೊದಲ ಪುಸ್ತಕದ ಇಂತಹ ಕೋಡ್’ ಅಂತ ಇರುತ್ತೆ. ಬಲಗಡೆಯದರಲ್ಲಿ ‘ಇದು ಕೊನೆಯ ಪುಸ್ತಕದ ಇಂತಹ ಸಾಲಿನ ಇಂತಹ ಕಾಲಂ’ ಅಂತ ಇರುತ್ತೆ. ಎರಡಕ್ಕೂ ಚುನಾವಣೆಗೆ ಮುಂಚೆಯೇ ಮುದ್ರೆ ಬಿದ್ದಿರುತ್ತೆ.

101ನೇ ಬ್ಯಾಲೆಟ್‌ನ 473 ನಡುವಿನ ಪುಸ್ತಕದ 7ನೇ ಸಾಲಿಗೆ ಸೇರಿದೆ, ಆ ಸಾಲು ಕೊನೆಯ ಪುಸ್ತಕದ 52ನೇ ಸಾಲಿನ ಅ ಕಾಲಂಗೆ ಸೇರಿದೆ ಅಂದುಕೊಳ್ಳಿ. ವೋಟು ಬಿದ್ದ ಮೇಲೆ ಮೂರೂ ಕಡೆ ಟಿಕ್ ಹಾಕಿ ಪುಸ್ತಕಗಳನ್ನ ಬಹಿರಂಗ ಮಾಡ್ತಾರೆ. ಕೊನೆಯ ಪುಸ್ತಕದ ಟಿಕ್‌ಗಳನ್ನ ಯಾರು ಬೇಕಾದರೂ ಎಣಿಸಬಹುದು, ಅದೇ ಫಲಿತಾಂಶ.

ಈಗ ಪರೀಕ್ಷೆ. ನಡುವಿನ ಪುಸ್ತಕದ ಪ್ರತಿ ಸಾಲಿಗೂ ನಾಣ್ಯ ಚಿಮ್ಮಿದ ಹಾಗೆ ಎಡವೋ ಬಲವೋ ತೀರ್ಮಾನ ಆಗುತ್ತೆ. 7ನೇ ಸಾಲಿಗೆ ಎಡ ಬಂದರೆ, ಎಡ ಲಕೋಟೆ ಮಾತ್ರ ಬಿಚ್ಚುತ್ತಾರೆ. ‘101, 473’ ಅಂತ ಕಾಣುತ್ತೆ, ಎರಡೂ ಕಡೆ ಟಿಕ್ ಇದೆ, ಸರಿ. ಅದು ಯಾವ ಅಭ್ಯರ್ಥಿಗೆ ಹೋಯಿತು ಅನ್ನೋದು ಬಲ ಲಕೋಟೆಯಲ್ಲಿದೆ, ಅದನ್ನ ಎಂದೂ ಬಿಚ್ಚೋದಿಲ್ಲ. ಬಲ ಬಂದರೆ, ಈ ಟಿಕ್ ಅ ಕಾಲಂಗೆ ಹೋಯಿತು ಅಂತ ಕಾಣುತ್ತೆ, ಯಾವ ಬ್ಯಾಲೆಟ್‌ನಿಂದ ಬಂತು ಅಂತ ಕಾಣೋದಿಲ್ಲ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಮಾತ್ರ 101ನೇ ಬ್ಯಾಲೆಟ್ ಅ ಅಭ್ಯರ್ಥಿಗೆ ಅಂತ ಗೊತ್ತಾಗೋದು. ಅದು ಆಗೋದೇ ಇಲ್ಲ.

ಒಳಗಿನವನೊಬ್ಬ ಈ ವೋಟನ್ನ ಅ ಕಾಲಂನಿಂದ ಇ ಕಾಲಂಗೆ ತಳ್ಳಬೇಕು ಅಂದುಕೊಂಡ. ಎಲ್ಲೋ ಒಂದು ಕಡೆ, ಎಡಕ್ಕೋ ಬಲಕ್ಕೋ, ಟಿಕ್ ತಪ್ಪು ಹಾಕಲೇಬೇಕು. ಯಾವ ಕಡೆ ಬಿಚ್ಚುತ್ತಾರೆ ಅಂತ ಅವನಿಗೆ ಗೊತ್ತಿಲ್ಲ. ಸಿಕ್ಕಿಬೀಳೋ ಸಾಧ್ಯತೆ ಕನಿಷ್ಠ ಅರ್ಧ. ಎರಡು ವೋಟು ತಳ್ಳಿದರೆ ತಪ್ಪಿಸಿಕೊಳ್ಳೋ ಅವಕಾಶ ಹೆಚ್ಚೆಂದರೆ ನಾಲ್ಕರಲ್ಲಿ ಒಂದು, ಮೂರಕ್ಕೆ ಎಂಟರಲ್ಲಿ ಒಂದು. ಹತ್ತು ವೋಟು ತಳ್ಳಿದರೆ 1,024ರಲ್ಲಿ ಒಂದು. ಒಂದು ವಾರ್ಡಿನ ಫಲಿತಾಂಶ ಬದಲಿಸೋಕೆ ಇಪ್ಪತ್ತು ಮೂವತ್ತು ವೋಟಾದರೂ ಬೇಕು ಅಂದರೆ, ಅವನು ತಪ್ಪಿಸಿಕೊಳ್ಳೋದು ಕನಸಿನ ಮಾತು. ಈ ಪರೀಕ್ಷೆಗೆ ಯಾವ ಅಧಿಕಾರಿಯ ಅನುಮತಿಯೂ ಬೇಡ. ಪುಸ್ತಕಗಳು ಬಹಿರಂಗ, ಕಂಪ್ಯೂಟರ್ ಬಲ್ಲ ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ನೋಡಬಹುದು.

ಎಷ್ಟು ಜನ ಚೆಕ್ ಮಾಡಬೇಕು?

ಎಲ್ಲರೂ ವೆಬ್‌ಸೈಟ್ ನೋಡಬೇಕಾಗಿಲ್ಲ. ಒಂದು ಸಾವಿರ ವೋಟು ಬಿದ್ದಿವೆ, ಯಾರೋ 50 ವೋಟಿನ ದಾಖಲೆ ಬದಲಾಯಿಸಿದ್ದಾರೆ ಅಂದುಕೊಳ್ಳಿ. ಸಾವಿರದಲ್ಲಿ ಬರೀ 60 ಜನ ತಮ್ಮ ಕೋಡ್ ನೋಡಿಕೊಂಡರು. ಆ 60ರಲ್ಲಿ ಒಬ್ಬರಿಗೂ ತಪ್ಪು ಕಾಣದೇ ಹೋಗೋ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಅಂದ್ರೆ ನೂರಕ್ಕೆ 95ರಷ್ಟು ಸಿಕ್ಕಿಬೀಳ್ತಾರೆ.

ಆದರೆ ಬದಲಾಯಿಸಿದ್ದು ಬರೀ 10 ವೋಟು ಆದರೆ, ಅದೇ 60 ಜನ ನೋಡಿದರೂ ತಪ್ಪು ಕಣ್ಣಿಗೆ ಬೀಳದೇ ಹೋಗೋ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎಂಟು ಹತ್ತು ವೋಟಿನಲ್ಲಿ ಗೆದ್ದು ಸೋಲೋ ವಾರ್ಡುಗಳಲ್ಲಿ 60 ಜನ ಸಾಲದು, ಇನ್ನೂ ತುಂಬಾ ಜನ ನೋಡಬೇಕು. ಜೊತೆಗೆ, ನೋಡುವವರು ಎಲ್ಲ ತರದವರೂ ಆಗಿರಬೇಕು. ಇಂಟರ್ನೆಟ್ ಬಳಸೋ ಹುಡುಗರು ಮಾತ್ರ ನೋಡ್ತಾರೆ, ವಯಸ್ಸಾದವರು ನೋಡೋದಿಲ್ಲ ಅಂತ ಮೊದಲೇ ಗೊತ್ತಿದ್ದರೆ, ಮೋಸ ಮಾಡುವವನು ವಯಸ್ಸಾದವರ ಬ್ಯಾಲೆಟ್‌ಗೇ ಕೈ ಹಾಕ್ತಾನೆ. ಟಕೋಮಾ ಪಾರ್ಕ್‌ನಲ್ಲೂ ವೋಟು ಹಾಕಿದ ನೂರಕ್ಕೆ ಹತ್ತು ಮಂದಿಯೂ ವೆಬ್‌ಸೈಟಿನಲ್ಲಿ ನೋಡಲಿಲ್ಲ.

ಎಲ್ಲಿ ಕೈಕೊಡುತ್ತೆ

ಮೊದಲ ಶತ್ರು ಮೊಬೈಲ್. ಬೂತಿನ ಒಳಗೆ ತುಂಬಿದ ಬ್ಯಾಲೆಟ್‌ನ ಫೋಟೋ ಹೊಡೆದರೆ ಅ ಹೆಸರಿನ ಪಕ್ಕ 473 ಕಾಣುತ್ತೆ. ಬರೀ ಫೋಟೋ ಆಗಿದ್ದರೆ, ‘ಆಮೇಲೆ ಆ ಬ್ಯಾಲೆಟ್ ಕೆಟ್ಟಿತು ಅಂತ ಹೇಳಿ ಬೇರೆ ತಗೊಂಡೆ’ ಅನ್ನಬಹುದಿತ್ತು. ಆದರೆ ಇಲ್ಲಿ ವೆಬ್‌ಸೈಟ್‌ನಲ್ಲಿ 101ಕ್ಕೆ 473 ಅಂತ ಬಂದರೆ ಆ ವೋಟು ಲೆಕ್ಕಕ್ಕೆ ಸೇರಿದ್ದಕ್ಕೂ ಸಾಕ್ಷಿ ಸಿಕ್ಕಿಬಿಡುತ್ತೆ. ಹಾಗಾಗಿ ಬೂತಿನೊಳಗೆ ಮೊಬೈಲ್ ಬಿಟ್ಟರೆ ಈ ಪದ್ಧತಿ ವೋಟು ಕೊಳ್ಳುವವನಿಗೆ ತೊಂದರೆ ಕೊಡೋ ಬದಲು ಸಹಾಯವೇ ಮಾಡುತ್ತೆ.

ಎರಡನೇದು, ಯಾರು ವೋಟು ಹಾಕಿದರು ಅನ್ನೋ ಪ್ರಶ್ನೆಗೆ ಇದರಲ್ಲಿ ಉತ್ತರ ಇಲ್ಲ. ಪಟ್ಟಿಯಲ್ಲಿ ಸತ್ತವರ ಹೆಸರು ಉಳಿದಿದ್ದರೆ, ಇನ್ನೊಬ್ಬರ ಹೆಸರಲ್ಲಿ ಬಂದು ವೋಟು ಹಾಕಿದರೆ, ಆ ಕಳ್ಳ ವೋಟೂ ಅಷ್ಟೇ ಅಚ್ಚುಕಟ್ಟಾಗಿ ಲೆಕ್ಕಕ್ಕೆ ಸೇರುತ್ತೆ. ಯಾರೂ ಬಳಸದ ಬ್ಯಾಲೆಟ್ಟನ್ನ ಆಮೇಲೆ ತುಂಬಿ ಹಾಕಿದರೆ ಅದನ್ನ ಚೆಕ್ ಮಾಡುವವರೂ ಇರೋದಿಲ್ಲ. ಅದಕ್ಕೆ ಸಹಿ ಮಾಡಿದವರ ಸಂಖ್ಯೆ ಮತ್ತು ಬಿದ್ದ ಬ್ಯಾಲೆಟ್ ಸಂಖ್ಯೆ ತಾಳೆ ಹಾಕೋ ಹಳೇ ಕೆಲಸವನ್ನೇ ಮಾಡಬೇಕು.

ಮೂರನೇದು, ಮೋಸ ಹಿಡಿಯೋಕೆ ಯಾರನ್ನೂ ನಂಬಬೇಕಿಲ್ಲ, ಆದರೆ ಗುಟ್ಟು ಉಳಿಯೋಕೆ ಮಂಡಳಿಯನ್ನ ನಂಬಲೇಬೇಕು. ಎಲ್ಲ ಲಕೋಟೆಗಳ ಒಳಗಿರೋದು ಮಂಡಳಿಯ ಕಂಪ್ಯೂಟರ್‌ನಲ್ಲಿದೆ. ಪಾಸ್‌ವರ್ಡ್ ಇರೋ ಸದಸ್ಯರು ಒಳಗೊಳಗೇ ಒಂದಾದರೆ ಫಲಿತಾಂಶ ತಿರುಚೋಕೆ ಆಗದಿದ್ದರೂ, ಯಾವ ಬ್ಯಾಲೆಟ್‌ನಲ್ಲಿ ಯಾರಿಗೆ ವೋಟು ಅಂತ ನೋಡಬಹುದು.

ನಾಲ್ಕನೇದು, ತಪ್ಪು ಕಂಡರೆ ಮುಂದೇನು ಅಂತ ಕಾನೂನಿನಲ್ಲಿ ಮೊದಲೇ ಬರೆದಿರಬೇಕು. ಎಷ್ಟು ದಿನದೊಳಗೆ ದೂರು ಕೊಡಬೇಕು, ಎಷ್ಟು ದೂರು ನಿಜವಾದರೆ ಕಾಗದದ ಬ್ಯಾಲೆಟ್ ಕೈಯಲ್ಲಿ ಎಣಿಸಬೇಕು, ಯಾವಾಗ ಮರು ಚುನಾವಣೆ. ಅದಿಲ್ಲದಿದ್ದರೆ ಮೋಸ ಗೊತ್ತಾಗುತ್ತೆ, ಆದರೆ ಏನೂ ಆಗೋದಿಲ್ಲ.

ನಮ್ಮ ವಿವಿಪ್ಯಾಟ್ ಎಲ್ಲಿ ನಿಲ್ಲುತ್ತೆ?

ನಮ್ಮ ವೋಟಿಂಗ್ ಮಷೀನ್‌ಗಳನ್ನ ತಯಾರಿಸೋ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ವಿವಿಪ್ಯಾಟ್ ಚೀಟಿ ಮೊದಲ ಹಂತವನ್ನ ನಮ್ಮ ಕಣ್ಣಿಗೆ ತೋರಿಸುತ್ತೆ: ನಾವು ಒತ್ತಿದ ಚಿಹ್ನೆಯೇ ಕಾಗದದ ಮೇಲೆ ಬಂತು. ಮುಂದಿನ ಹಂತಕ್ಕೆ, ಅಂದ್ರೆ ಮಷೀನಿನ ಮೊತ್ತಕ್ಕೂ ಚೀಟಿಗಳಿಗೂ ತಾಳೆ ಇದೆಯಾ ಅನ್ನೋದಕ್ಕೆ, 2019ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತುಗಳ ಚೀಟಿಗಳನ್ನ ಚೀಟಿ ಎತ್ತಿ ಆರಿಸಿ ಎಣಿಸ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕು ಅನ್ನೋ ಅರ್ಜಿಗಳನ್ನ 2024ರ ಏಪ್ರಿಲ್ 26ರಂದು ಕೋರ್ಟ್ ತಳ್ಳಿಹಾಕಿತು.

ಅಂದ್ರೆ ನಮ್ಮಲ್ಲೂ ಪರೀಕ್ಷೆ ಇದೆ, ಆದರೆ ಅದು ಬೂತಿನ ಲೆಕ್ಕದಲ್ಲಿ, ಅಧಿಕಾರಿಗಳು ಮತ್ತು ಏಜೆಂಟ್‌ರ ಮುಂದೆ ನಡೆಯೋ ಪರೀಕ್ಷೆ. ನಿಮ್ಮ ಒಂದು ವೋಟು ಎಲ್ಲಿ ಹೋಯಿತು ಅಂತ ನೀವೇ ಮನೆಯಿಂದ ಹುಡುಕೋ ದಾರಿ ಇಲ್ಲ. ಟಕೋಮಾ ಪಾರ್ಕ್‌ನ ಪದ್ಧತಿ ಕೊಡೋದು ಆ ದಾರಿಯನ್ನ. ಅದಕ್ಕೆ ಬೆಲೆಯೂ ಇದೆ: ವಿಶೇಷ ಶಾಯಿ, ವಿಶೇಷ ಪೆನ್ನು, ಮೂರು ಪುಸ್ತಕದ ಗಣಿತ, ಬರೆದುಕೊಳ್ಳೋ ತಾಳ್ಮೆ ಇರೋ ಮತದಾರ. ಆ ಊರಿನವರು 2011ರಲ್ಲಿ ಇನ್ನೊಂದು ಸಲ ಇದನ್ನ ಬಳಸಿದರು. ಆಮೇಲೆ ಇದೇ ಯೋಚನೆಯ ಬೇರೆ ರೂಪ, ಮೈಕ್ರೋಸಾಫ್ಟ್ ಕಂಪನಿಯ ಎಲೆಕ್ಷನ್‌ಗಾರ್ಡ್ ಅನ್ನೋದು, 2020ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಫುಲ್ಟನ್ ಅನ್ನೋ ಸಣ್ಣ ಊರಲ್ಲಿ ಪ್ರಯೋಗಕ್ಕೆ ಬಂತು. ಅಲ್ಲೂ ಕಾಗದದ ಬ್ಯಾಲೆಟ್ ಜೊತೆಗೇ ಇತ್ತು.

ಇನ್ನು ಮುಂದೆ ಯಾರಾದರೂ ‘ವೋಟಿಗೆ ರಸೀದಿ ಕೊಡೋ ಹೊಸ ತಂತ್ರಜ್ಞಾನ ಬಂದಿದೆ’ ಅಂತ ವಾಟ್ಸಾಪ್‌ನಲ್ಲಿ ಕಳಿಸಿದರೆ ಎರಡೇ ಪ್ರಶ್ನೆ ಕೇಳಿ. ಆ ರಸೀದಿ ನೋಡಿ ಬೇರೆಯವರಿಗೆ ನಾನು ಯಾರಿಗೆ ಹಾಕಿದೆ ಅಂತ ಗೊತ್ತಾಗುತ್ತಾ? ಗೊತ್ತಾಗೋದಾದರೆ ಅದು ವೋಟು ಮಾರೋಕೆ ಕೊಟ್ಟ ಬಿಲ್. ಗೊತ್ತಾಗೋದಿಲ್ಲ ಅಂದರೆ, ಮೊತ್ತ ಸರಿ ಇದೆ ಅಂತ ಹೊರಗಿನವರು ತಾವೇ ಲೆಕ್ಕ ಹಾಕಿ ನೋಡೋಕೆ ಆಗುತ್ತಾ? ಆಗೋದಿಲ್ಲ ಅಂದರೆ ಆ ರಸೀದಿ ಬರೀ ಸಮಾಧಾನಕ್ಕೆ ಕೊಟ್ಟ ಕಾಗದ.